11 ಮತ್ತು 20ನೇ ತಾರೀಖಿಗೆ ನಾನಿರುತ್ತೇನೆ

ಹೆರಿಗೆ ರಜೆ ಮುಗಿಸಿ ಬೇರೆ ಕಂಪನಿಯಲ್ಲಿ ಕೆಲಸ ಹುಡುಕುವ ತಾಯಂದಿರು ರಿಕ್ರೂಟರ್‌ಗೆ ಬರೆಯುವ ಪತ್ರದಲ್ಲಿ ಸಾಮಾನ್ಯವಾಗಿ ಎರಡು ಮಾತಿರುತ್ತವೆ: ಸಮಯದಲ್ಲಿ ಸ್ವಲ್ಪ ಅನುಕೂಲ ಬೇಕು, ನಾನು ಕೆಲಸಕ್ಕೆ ಸಿದ್ಧ. ಇವೆರಡರಿಂದ ರಿಕ್ರೂಟರ್‌ಗೆ ಏನೂ ತಿಳಿಯುವುದಿಲ್ಲ. ಅವರು ಈ ಪತ್ರವನ್ನು ವಿಭಾಗದ ಮ್ಯಾನೇಜರ್‌ಗೆ ದಾಟಿಸಬೇಕು. ಮ್ಯಾನೇಜರ್ ಕೇಳುವುದು ಯಾವಾಗ ಸೇರುತ್ತಾರೆ, ಎಷ್ಟು ದಿನ ಆಫೀಸಿಗೆ ಬರುತ್ತಾರೆ ಎಂದು. ಪತ್ರ ಕಳಿಸಿದ ಮೇಲೂ ಅದನ್ನೇ ಕೇಳಲು ಫೋನ್ ಬಂದರೆ, ಬರೆದದ್ದು ಸಾಲಲಿಲ್ಲ ಎಂದರ್ಥ.

ಬೆಂಗಳೂರಿನಲ್ಲಿ ಜಿಎಸ್‌ಟಿ ನೋಡಿಕೊಳ್ಳುವ ಅಕೌಂಟೆಂಟ್ ಒಬ್ಬರು ಹೀಗೆ ಬರೆಯಬಹುದು:

“ನಮಸ್ಕಾರ. ಹೆರಿಗೆ ರಜೆ ಮುಗಿಯುತ್ತಿದೆ. ಜೂನ್ 1ರಿಂದ ಮಗು ಡೇಕೇರ್‌ಗೆ ಹೋಗುತ್ತದೆ, ಜೂನ್ 22ಕ್ಕೆ ನಾನು ಸೇರಬಲ್ಲೆ. ವಾರಕ್ಕೆ ಮೂರು ದಿನ ಆಫೀಸು, ಎರಡು ದಿನ ಮನೆಯಿಂದ ಕೆಲಸ ನನ್ನ ಕೋರಿಕೆ. ಸಂಜೆ 5.30ಕ್ಕೆ ಹೊರಡಬೇಕು, ರಾತ್ರಿ 8.30ರ ನಂತರ ಒಂದು ಗಂಟೆ ಲಭ್ಯವಿರುತ್ತೇನೆ. ರಿಟರ್ನ್ ಸಲ್ಲಿಸುವ 11 ಮತ್ತು 20ನೇ ತಾರೀಖು, ಅವುಗಳ ಹಿಂದಿನ ದಿನ ತಡವಾಗಿಯೂ ಇರುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಬದಲಾದ ದರಗಳನ್ನು ಓದಿಕೊಂಡಿದ್ದೇನೆ. ಪರೀಕ್ಷೆ ಕೊಟ್ಟರೆ ಮಾಡುತ್ತೇನೆ.”

ಸೇರುವ ದಿನ ಡೇಕೇರ್ ಶುರುವಾದ ಮೂರು ವಾರಕ್ಕೆ ಇರುವುದನ್ನು ಗಮನಿಸಿ. ಹೊಸ ಜಾಗಕ್ಕೆ ಹೊಂದಿಕೊಳ್ಳುವಾಗ ಮಗು ಅಳುತ್ತದೆ, ನೆಗಡಿ ಹಿಡಿಸಿಕೊಂಡು ಬರುತ್ತದೆ. ಆ ಗಲಾಟೆ ಕೆಲಸದ ಮೊದಲ ವಾರಕ್ಕೇ ಬಂದು ಬೀಳಬಾರದು. ಇನ್ನು 11 ಮತ್ತು 20, ಮಾಸಿಕ ಜಿಎಸ್‌ಟಿಆರ್-1 ಮತ್ತು 3ಬಿ ಸಲ್ಲಿಸುವ ಕೊನೆಯ ದಿನಗಳು. ಕೆಲಸದ ಒತ್ತಡ ಎಲ್ಲಿದೆಯೆಂದು ಬಲ್ಲವರು ಕೇಳುವ ಅನುಕೂಲಕ್ಕೆ ಮ್ಯಾನೇಜರ್ ಸುಲಭವಾಗಿ ಒಪ್ಪುತ್ತಾರೆ. ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ತೂಕದ ಸಾಲು ಅದೇ.

ಕಾನೂನಿನ ಮಾತು ಮೊದಲ ಪತ್ರದಲ್ಲಿ ಬೇಡ, ಆದರೆ ಗೊತ್ತಿರಲಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ 26 ವಾರಗಳ ರಜೆ ಕೊಟ್ಟಿತು, 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಸೌಲಭ್ಯ ಕಡ್ಡಾಯ ಮಾಡಿತು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವೂ ಉಂಟು. ಮನೆಯಿಂದ ಕೆಲಸ ಮಾತ್ರ ಹಕ್ಕಲ್ಲ. ಕೆಲಸದ ಸ್ವರೂಪ ನೋಡಿ ಇಬ್ಬರೂ ಒಪ್ಪಿದರೆ ಉಂಟು.

“ಮಗುವಿಗೆ ಜ್ವರ ಬಂದ್ರೆ ಏನ್ ಮಾಡ್ತೀರಾ ಮೇಡಂ?” ಎಂದು ಕೆಲವರು ಕೇಳಿಯೇ ಕೇಳುತ್ತಾರೆ. ಅಪ್ಪಂದಿರನ್ನು ಯಾರೂ ಕೇಳುವುದಿಲ್ಲ, ಇರಲಿ. ಮೊದಲ ದಿನ ಗಂಡನ ರಜೆ, ಮರುದಿನಕ್ಕೆ ಮೈಸೂರಿನಿಂದ ಅತ್ತೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದರೆ ಸಾಕು. ರಿಕ್ರೂಟರ್ ಫೋನಿನಲ್ಲಿ ಒಪ್ಪಿದ ಮೂರು ದಿನದ ಏರ್ಪಾಡನ್ನು ಆಫರ್ ಲೆಟರ್‌ನಲ್ಲಿ ಬರೆಸಿಕೊಳ್ಳಬೇಕು, ಇಲ್ಲವೇ ಎಚ್‌ಆರ್‌ಗೆ ಮೇಲ್ ಹಾಕಿ ಉತ್ತರ ಪಡೆದಿಟ್ಟುಕೊಳ್ಳಬೇಕು. ಮ್ಯಾನೇಜರ್ ಬದಲಾದ ದಿನ ಫೋನಿನ ಮಾತು ಯಾರಿಗೂ ನೆನಪಿರುವುದಿಲ್ಲ.