ಎರಡು ಖಾತೆ, ಒಬ್ಬನೇ ಖಾತೆದಾರ

ನನ್ನ ಹೆಸರಿನಲ್ಲಿ ಎರಡು ಗೂಗಲ್ ಖಾತೆಗಳಿವೆ ಎಂಬುದು ನನಗೇ ಬಹಳ ಕಾಲ ಗೊತ್ತಿರಲಿಲ್ಲ. ಒಂದನ್ನು ನಿವೃತ್ತಿಯ ನಂತರ, 2012ರಲ್ಲಿ, ನಾನೇ ತೆರೆದೆ. ಹೆಸರು ಚೊಕ್ಕಟವಾಗಿತ್ತು. ಬ್ಯಾಂಕು, ಪಿಂಚಣಿ, ವಿಮೆ ಎಲ್ಲಕ್ಕೂ ಅದನ್ನೇ ಕೊಟ್ಟೆ. 2018ರಲ್ಲಿ ಹೊಸ ಫೋನ್ ಕೊಂಡಾಗ ಪಾಸ್‌ವರ್ಡ್ ನೆನಪಿಗೆ ಬರಲಿಲ್ಲ. ಅಂಗಡಿಯ ಹುಡುಗ "ಪರವಾಗಿಲ್ಲ ಸಾರ್" ಎಂದು ಎರಡು ನಿಮಿಷದಲ್ಲಿ ಇನ್ನೊಂದು ಖಾತೆ ತೆರೆದು ಕೊಟ್ಟ. ಅದರ ವಿಳಾಸದಲ್ಲಿ ನನ್ನ ಹೆಸರಿನ ಹಿಂದೆ ಆರು ಅಂಕಿಗಳ ಬಾಲವಿತ್ತು. ಮುಂದೆ ಹಳೆಯ ಪಾಸ್‌ವರ್ಡ್ ಸಿಕ್ಕಿತು, ಅದನ್ನೂ ಫೋನಿಗೆ ಸೇರಿಸಿಕೊಂಡೆ. ಅಲ್ಲಿಂದ ಪತ್ರಗಳು ಒಂದು ಕಡೆ, ಫೋಟೊಗಳು ಇನ್ನೊಂದು ಕಡೆ.

ಎರಡನ್ನೂ ಕೂಡಿಸಿಬಿಡೋಣ ಎಂದು ಹೊರಟೆ. ಬ್ಯಾಂಕಿನಲ್ಲಿ ಒಬ್ಬರಿಗೇ ಎರಡು ಗ್ರಾಹಕ ಸಂಖ್ಯೆ ಬಿದ್ದರೆ ಅರ್ಜಿ ತೆಗೆದುಕೊಂಡು, ಗುರುತಿನ ಚೀಟಿ ನೋಡಿ, ಒಂದಕ್ಕೆ ಸೇರಿಸುತ್ತಿದ್ದೆವು. ಗೂಗಲ್‌ನಲ್ಲಿ ಆ ಸೌಲಭ್ಯವೇ ಇಲ್ಲ. ಯೋಚಿಸಿದಾಗ ಕಾರಣ ಹೊಳೆಯಿತು. ಬ್ಯಾಂಕಿಗೆ ಮನುಷ್ಯ ಗೊತ್ತು, ಖಾತೆ ಅವನದು. ಇಲ್ಲಿ ಇ-ಮೇಲ್ ವಿಳಾಸವೇ ಖಾತೆದಾರ. ಎರಡು ವಿಳಾಸ ಎಂದರೆ ಆ ಲೆಕ್ಕದಲ್ಲಿ ಇಬ್ಬರು ವ್ಯಕ್ತಿಗಳು. ಹಾಗಾಗಿ ಒಂದನ್ನು ಉಳಿಸಿಕೊಂಡು, ಇನ್ನೊಂದರಲ್ಲಿರುವುದನ್ನು ಕೈಯಿಂದ ಹೊತ್ತು ತರುವುದೊಂದೇ ದಾರಿ.

ಉಳಿಸಿಕೊಳ್ಳುವುದು ಯಾವುದು? ನನ್ನ ಮನಸ್ಸು ಕೂಡಲೇ ಹಳೆಯದು ಎಂದಿತು. ಹೆಸರು ಚೆಂದ, ಎಲ್ಲ ಕಡೆ ಕೊಟ್ಟಿದ್ದೇನೆ, ಮೇಲಾಗಿ ಇನ್ನೊಂದು 'ತಪ್ಪಿ ಹುಟ್ಟಿದ' ಖಾತೆ. ಆದರೂ ಹಳೆಯ ಅಭ್ಯಾಸದಂತೆ ಒಂದು ಹಾಳೆಯನ್ನು ನಡುವೆ ಗೆರೆ ಎಳೆದು, ಎಡಕ್ಕೆ ಹಳೆಯ ಖಾತೆ, ಬಲಕ್ಕೆ ಅಂಗಡಿಯ ಖಾತೆ ಎಂದು ಬರೆದು ಲೆಕ್ಕ ಹಾಕಿದೆ. ಯಾವುದರಲ್ಲಿ ಹೆಚ್ಚು ಸಾಮಾನಿದೆ ಎಂಬುದು ಇಲ್ಲಿ ಮುಖ್ಯವಲ್ಲ. ಯಾವುದರಲ್ಲಿ ಹೊತ್ತು ತರಲಾಗದ ಸಾಮಾನು ಹೆಚ್ಚಿದೆ ಎಂಬುದು ಮುಖ್ಯ.

ಹಳೆಯ ಖಾತೆಯಲ್ಲಿ ಆರು ಜಿ.ಬಿ. ಪತ್ರಗಳು ಮತ್ತು ಲಗತ್ತುಗಳು, ಮುನ್ನೂರು ಫೋಟೊ, ಇನ್ನೂರ ಹನ್ನೆರಡು ಫೋನ್ ನಂಬರು, ದುಡ್ಡು ಕೊಟ್ಟು ಕೊಂಡ ಒಂದು ಆ್ಯಪ್. ಇವುಗಳಲ್ಲಿ ಆ್ಯಪ್ ಮಾತ್ರ ಬರುವುದಿಲ್ಲ. ಕೊಂಡದ್ದು ಕೊಂಡ ಖಾತೆಗೇ ಅಂಟಿಕೊಂಡಿರುತ್ತದೆ.

ಅಂಗಡಿಯ ಖಾತೆಯಲ್ಲಿ ಆರೇಳು ವರ್ಷಗಳ ಫೋಟೊಗಳಿದ್ದವು. ನನ್ನ ಮನೆಯಾಕೆ ತೀರಿಕೊಂಡದ್ದು 2020ರಲ್ಲಿ. ಆಕೆಯ ಕೊನೆಯ ಎರಡು ವರ್ಷಗಳ ಚಿತ್ರಗಳೆಲ್ಲ ನಾನು ಅಳಿಸಬೇಕೆಂದಿದ್ದ ಆ ಖಾತೆಯಲ್ಲೇ ಇದ್ದವು. ಅವನ್ನು ಹಳೆಯ ಖಾತೆಗೆ ತಂದರಾಯಿತು ಎಂದುಕೊಂಡೆ. ಅಲ್ಲಿ ಒಂದು ತೊಡಕು ಕಂಡಿತು.

ಪ್ರತಿ ಖಾತೆಗೆ ಪುಕ್ಕಟೆ ಸಿಗುವ ಜಾಗ 15 ಜಿ.ಬಿ. ಪತ್ರ, ಫೋಟೊ, ಕಡತ ಎಲ್ಲವೂ ಅದರಲ್ಲೇ ಹಿಡಿಯಬೇಕು. ಆದರೆ 2021ರ ಜೂನ್ 1ಕ್ಕೆ ಮೊದಲು ಸ್ವಲ್ಪ ಕುಗ್ಗಿಸಿದ ಗುಣಮಟ್ಟದಲ್ಲಿ ಏರಿಸಿದ ಫೋಟೊಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಇದ್ದಲ್ಲೇ ಇದ್ದರೆ ಅವಕ್ಕೆ ಬಾಡಿಗೆಯಿಲ್ಲ. ಇಳಿಸಿಕೊಂಡು ಇವತ್ತು ಬೇರೆ ಖಾತೆಗೆ ಏರಿಸಿದರೆ ಹೊಸ ಫೋಟೊಗಳಂತೆಯೇ ಜಾಗ ತಿನ್ನುತ್ತವೆ. ನನ್ನಲ್ಲಿ ಅಂಥ ಚಿತ್ರಗಳು ಸುಮಾರು ನಾಲ್ಕು ಸಾವಿರ. ಒಂದೊಂದಕ್ಕೆ ಒಂದೂವರೆ ಎಂ.ಬಿ. ಎಂದು ಹಿಡಿದರೆ ಆರು ಜಿ.ಬಿ. ಆಮೇಲಿನ ಫೋಟೊ, ವಿಡಿಯೊಗಳು ಏಳು. ಹಳೆಯ ಖಾತೆಯ ಆರು ಜಿ.ಬಿ.ಗೆ ಇವನ್ನೆಲ್ಲ ಸೇರಿಸಿದರೆ ಹತ್ತೊಂಬತ್ತಾಗಿ, ಜಾಗಕ್ಕಾಗಿ ತಿಂಗಳು ತಿಂಗಳು ಹಣ ಕಟ್ಟಬೇಕಾಗುತ್ತಿತ್ತು. ತಿರುಗಿಸಿ ನೋಡಿದೆ. ಹಳೆಯ ಖಾತೆಯ ಮುನ್ನೂರು ಫೋಟೊ ಇತ್ತ ಬಂದರೆ ಎಂಟು ಜಿ.ಬಿ. ಕೂಡ ದಾಟುವುದಿಲ್ಲ. ಲೆಕ್ಕ ಮುಗಿಯಿತು. ಉಳಿಯಬೇಕಾದದ್ದು ಬಾಲವಿರುವ ಖಾತೆ.

ಆದರೆ ಅದಕ್ಕೂ ಮೊದಲು ಒಂದು ಪರೀಕ್ಷೆ ಆಗಬೇಕು. ಉಳಿಸಿಕೊಳ್ಳುವ ಖಾತೆಯ ಬೀಗದ ಕೈ ನಿಮ್ಮ ಹತ್ತಿರವೇ ಇದೆಯೇ? ಬೇರೆಯವರು ತೆರೆದುಕೊಟ್ಟ ಖಾತೆಯಾದರೆ ಇದನ್ನು ನೋಡಲೇಬೇಕು. ಮಗನ ಕಂಪ್ಯೂಟರಿನಲ್ಲಿ ಅದೇ ಖಾತೆಗೆ ಹೊಸದಾಗಿ ಒಳಹೋಗಿ ನೋಡಿದೆ. ಸಂಕೇತ ನನ್ನ ಫೋನಿಗೇ ಬಂತು. ಕೂಡಲೇ ಪಾಸ್‌ವರ್ಡ್ ಬದಲಿಸಿ, ಮರಳಿ ಪಡೆಯುವ ಫೋನ್ ನಂಬರಿನ ಜಾಗದಲ್ಲಿ ನನ್ನ ನಂಬರೇ ಇದೆಯೆಂದು ಖಾತ್ರಿ ಮಾಡಿಕೊಂಡು, ಮಗನ ಇ-ಮೇಲ್ ಕೂಡ ಸೇರಿಸಿದೆ. ಈ ಪರೀಕ್ಷೆಯಲ್ಲಿ ಸೋತ ಖಾತೆಯಲ್ಲಿ ಎಷ್ಟೇ ಬೆಲೆಬಾಳುವುದಿದ್ದರೂ ಅದನ್ನು ಮುಖ್ಯ ಖಾತೆಯಾಗಿ ಇಟ್ಟುಕೊಳ್ಳಬಾರದು. ಫೋನಿನಲ್ಲಿ ತೆರೆದಿರುವಾಗಲೇ ಒಳಗಿನದನ್ನು ಹೊರತೆಗೆಯಬೇಕು. takeout.google.com ಎಂಬಲ್ಲಿ ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳಬಹುದು.

ಆಮೇಲೆ ಸಾಗಣೆ. ಫೋನ್ ನಂಬರುಗಳದು ಸುಲಭ. ಕಂಪ್ಯೂಟರಿನಲ್ಲಿ contacts.google.com ತೆರೆದು, ಹಳೆಯ ಖಾತೆಯಲ್ಲಿ Export ಒತ್ತಿದರೆ ಒಂದು ಕಡತ ಸಿಗುತ್ತದೆ. ಇನ್ನೊಂದು ಖಾತೆಯಲ್ಲಿ Import ಒತ್ತಿ ಅದನ್ನು ಕೊಟ್ಟರೆ ಎಲ್ಲವೂ ಬರುತ್ತವೆ. ಒಂದೇ ಹೆಸರು ಎರಡೆರಡು ಬಾರಿ ಬಂದರೆ ಒಂದಾಗಿಸುವ ವ್ಯವಸ್ಥೆಯೂ ಅಲ್ಲೇ ಇದೆ. ಖಾತೆಗಳು ಕೂಡದಿದ್ದರೂ ಹೆಸರುಗಳು ಕೂಡುತ್ತವೆ.

ಫೋಟೊಗಳಿಗೆ ಫೋಟೊ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ Partner sharing ಎಂಬುದಿದೆ. ಗಂಡ ಹೆಂಡತಿ ಫೋಟೊ ಹಂಚಿಕೊಳ್ಳಲೆಂದು ಮಾಡಿದ್ದು. ನಾನು ನನ್ನೊಡನೆಯೇ ಹಂಚಿಕೊಂಡೆ! ಹಳೆಯ ಖಾತೆಯಿಂದ ಆಹ್ವಾನ ಕಳಿಸಿ, ಇತ್ತ ಒಪ್ಪಿಕೊಂಡೆ. ಇಲ್ಲೇ ಬಹಳ ಜನ ಎಡವುತ್ತಾರೆ. ಒಪ್ಪಿದ ಮಾತ್ರಕ್ಕೆ ಚಿತ್ರಗಳು ಕಾಣಿಸುತ್ತವೆ, ಆದರೆ ಅವು ಇನ್ನೂ ಆ ಮನೆಯವೇ. ಪಡೆಯುವ ಕಡೆಯಲ್ಲಿ, ಎಲ್ಲ ಚಿತ್ರಗಳನ್ನೂ ನನ್ನ ಖಾತೆಗೆ ಉಳಿಸು ಎಂದು ಬೇರೆಯಾಗಿ ಆರಿಸಬೇಕು. ಉಳಿದಿವೆಯೇ ಎಂದು ತಿಳಿಯಲು ನಾನು ಹಂಚಿಕೆಯನ್ನೇ ನಿಲ್ಲಿಸಿ, ಮತ್ತೆ ನೋಡಿದೆ. 2012ರ ಮೊದಲ ಚಿತ್ರ, ನಡುವಿನ ಒಂದು, ಕೊನೆಯದು, ಒಂದು ವಿಡಿಯೊ, ನಾಲ್ಕೂ ಇದ್ದವು. ಆಗ ಸಮಾಧಾನವಾಯಿತು.

ಹಳೆಯ ಪತ್ರಗಳನ್ನು ಹೊತ್ತು ತರಲು ಹೋಗಲಿಲ್ಲ. ಹೊಸದಾಗಿ ಬರುವ ಪತ್ರಗಳು ತಾವಾಗಿಯೇ ಈ ಖಾತೆಗೆ ಬರುವಂತೆ ಜಿಮೇಲ್‌ನಲ್ಲಿ Forwarding ಇಟ್ಟೆ. ಹಾಗೆ ಬರುವ ಒಂದೊಂದು ಪತ್ರವೂ, ಎಲ್ಲಿ ವಿಳಾಸ ಬದಲಿಸಬೇಕು ಎಂದು ನೆನಪಿಸುತ್ತದೆ. ಬ್ಯಾಂಕು, ಪಿಂಚಣಿ, ವಿಮೆ, ಆದಾಯ ತೆರಿಗೆ ಎಂದು ಪಟ್ಟಿ ಮಾಡಿ ಗುರುತು ಹಾಕುತ್ತಾ ಬಂದೆ. ಇದಕ್ಕೆ ಒಂದು ತಿಂಗಳು ಸಾಲದು. ವಿಮೆಯ ಕಂತಿನ ನೋಟಿಸು, ತೆರಿಗೆಯ ಸೂಚನೆ ಮುಂತಾದವು ವರ್ಷಕ್ಕೊಮ್ಮೆ ಬರುವಂಥವು. ಕನಿಷ್ಠ ಒಂದು ಆರ್ಥಿಕ ವರ್ಷ ಪೂರ್ತಿ ಕಾಯಬೇಕು.

ಹಾಗಾದರೆ ಹಳೆಯದನ್ನು ಯಾವಾಗ ಅಳಿಸುವುದು? ನಾನು ಅಳಿಸಿಲ್ಲ. ಅಳಿಸಿದ ಜಿಮೇಲ್ ವಿಳಾಸವನ್ನು ಗೂಗಲ್ ಬೇರೆ ಯಾರಿಗೂ ಕೊಡುವುದಿಲ್ಲ ಎಂಬುದೇನೋ ನಿಜ. ಆದರೆ ನಾವು ಮರೆತ ಯಾವುದೋ ಕಚೇರಿ ಆ ವಿಳಾಸಕ್ಕೆ ಸಂಕೇತ ಕಳಿಸಿದರೆ ಓದಲು ಯಾರೂ ಇರುವುದಿಲ್ಲ. ಸುಮ್ಮನೆ ಬಿಟ್ಟರೂ ಆಗದು. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಒಳಗಿನದರ ಸಮೇತ ಗೂಗಲ್ ಅಳಿಸಬಹುದು. ಅದಕ್ಕೇ ಪ್ರತಿ ವರ್ಷ ಏಪ್ರಿಲ್ ಮೊದಲ ವಾರ ಹಳೆಯ ಖಾತೆಗೆ ಒಮ್ಮೆ ಹೋಗಿ, ಒಂದೆರಡು ಪತ್ರ ತೆರೆದು ಬರುತ್ತೇನೆ.

ಈಗ ಯಾರಾದರೂ ಇ-ಮೇಲ್ ಕೇಳಿದರೆ ಬಾಲವಿರುವ ವಿಳಾಸವನ್ನೇ ಹೇಳುತ್ತೇನೆ. ಆರು ಅಂಕಿ ಬಾಯಿಪಾಠವಾಗಲು ಹದಿನೈದು ದಿನ ಹಿಡಿಯಿತು. ಮೊನ್ನೆ ಮೊಮ್ಮಗಳು "ತಾತಾ, ಅಜ್ಜಿ ಫೋಟೊ ತೋರಿಸು" ಎಂದಳು. ಯಾವ ಖಾತೆಯಲ್ಲಿದೆ ಎಂದು ಹುಡುಕಬೇಕಾಗಲಿಲ್ಲ.