ಒಂದು ಫ್ಲ್ಯಾಟು, ಮೂರು ಸಹಿ

ಮೂವರು ಸೇರಿ ಬೆಂಗಳೂರಿನಲ್ಲಿ ಒಂದು ಫ್ಲ್ಯಾಟ್ ಹಿಡಿದಿದ್ದಾರೆ. ಬಾಡಿಗೆ ಕರಾರಿಗೆ ಮೂವರದೂ ಸಹಿ ಬಿದ್ದಿದೆ. ಆರನೇ ತಿಂಗಳಲ್ಲಿ ಒಬ್ಬರು ಹೇಳದೆ ಕೇಳದೆ ಊರಿಗೆ ಹೋದರು. ಈಗ ಅವರ ಪಾಲನ್ನು ಮನೆ ಓನರ್ ಯಾರ ಹತ್ತಿರ ಕೇಳಬೇಕು?

ಉಳಿದ ಇಬ್ಬರಲ್ಲಿ ಯಾರನ್ನು ಬೇಕಾದರೂ ಕೇಳಬಹುದು, ಒಬ್ಬರ ಹತ್ತಿರವೇ ಪೂರ್ತಿ ಬಾಡಿಗೆ ಕೇಳಿದರೂ ತಪ್ಪಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 43ನೇ ಕಲಂ ಹೇಳುವುದು ಇದನ್ನೇ. ಹಲವರು ಜಂಟಿಯಾಗಿ ಮಾತು ಕೊಟ್ಟಿದ್ದರೆ, ಬೇರೆ ರೀತಿ ಬರೆದುಕೊಂಡಿಲ್ಲದಿದ್ದಾಗ, ಅವರಲ್ಲಿ ಯಾರಿಂದಲಾದರೂ ಇಡೀ ಮಾತನ್ನು ನಡೆಸಿಕೊಳ್ಳಬಹುದು. ಹಾಗೆ ಕಟ್ಟಿದವರು ಉಳಿದವರಿಂದ ಅವರವರ ಪಾಲು ವಸೂಲಿ ಮಾಡಿಕೊಳ್ಳಬಹುದು. ಆದರೆ ಆ ಪಾಲು ಎಷ್ಟು? ಬೇರೆ ಉದ್ದೇಶ ಕರಾರಿನಿಂದ ಕಾಣದಿದ್ದರೆ ಎಲ್ಲರದೂ ಸಮಪಾಲು ಎನ್ನುತ್ತದೆ ಅದೇ ಕಲಂ. ಒಬ್ಬರು ಕೊಡದೆ ಹೋದರೆ ಆ ನಷ್ಟವನ್ನೂ ಉಳಿದವರು ಸಮನಾಗಿ ಹೊರಬೇಕು.

ಅಟ್ಯಾಚ್ಡ್ ಬಾತ್‌ರೂಮಿನ ದೊಡ್ಡ ಕೋಣೆಯವರು ಹೆಚ್ಚು, ಚಿಕ್ಕ ಕೋಣೆಯವರು ಕಡಿಮೆ ಎಂದು ಬಾಯಲ್ಲಿ ಮಾತಾಡಿಕೊಂಡಿದ್ದರೆ, ಜಗಳ ಬಂದ ದಿನ ಅದನ್ನು ತೋರಿಸಲು ಏನೂ ಇರುವುದಿಲ್ಲ. ಓನರ್ ಜೊತೆಗಿನ ಕರಾರಿನಲ್ಲಿ ಇರುವುದು ಒಟ್ಟು ಮೊತ್ತ ಮಾತ್ರ. ಹಾಗಾಗಿ ಒಟ್ಟಿಗೆ ಇರುವವರ ನಡುವೆ ಇನ್ನೊಂದು ಕಾಗದ ಬೇಕು. ಅದು ಓನರನ್ನು ಕಟ್ಟಿಹಾಕುವುದಿಲ್ಲ. ಅವರ ಎದುರು ಮೂವರೂ ಪೂರ್ತಿ ಬಾಡಿಗೆಗೆ ಹೊಣೆಯೇ. ಈ ಕಾಗದ ಇತ್ಯರ್ಥ ಮಾಡುವುದು ತಮ್ಮೊಳಗಿನ ಲೆಕ್ಕವನ್ನು.

ಒಂದು ಉದಾಹರಣೆ ಹಿಡಿದು ಈ ಕಾಗದವನ್ನು ಬರೆದುನೋಡೋಣ. ಮೂರು ಕೋಣೆಯ ಫ್ಲ್ಯಾಟ್. ತಿಂಗಳಿಗೆ 42,000 ರೂಪಾಯಿ ಬಾಡಿಗೆ, ಐದು ತಿಂಗಳ ಅಡ್ವಾನ್ಸ್ ಅಂದರೆ 2,10,000. ಇರುವವರು ಮೂವರು ಯುವತಿಯರು: ಶಿವಮೊಗ್ಗದಾಕೆ, ಮಂಡ್ಯದಾಕೆ, ಹುಬ್ಬಳ್ಳಿಯಾಕೆ.

ಯಾವ ಕೋಣೆಗೆ ಎಷ್ಟು?

ಚದರಡಿ ಅಳೆದು ಬಾಡಿಗೆ ಹಂಚುವವರಿದ್ದಾರೆ. ಆದರೆ ಬಾಲ್ಕನಿಗೆ ಬೆಲೆ ಎಷ್ಟು, ರಸ್ತೆಯ ಗಲಾಟೆ ಕೇಳುವ ಕೋಣೆಗೆ ಎಷ್ಟು ಕಡಿಮೆ ಮಾಡಬೇಕು ಎಂಬುದನ್ನು ಟೇಪು ಹೇಳುವುದಿಲ್ಲ. ಅದಕ್ಕಿಂತ ಸರಳವಾದ ದಾರಿ ಇದೆ. ಮೂರೂ ಕೋಣೆಗಳ ಮೊತ್ತ 42,000 ಆಗುವ ಹಾಗೆ, ಒಂದೊಂದು ಕೋಣೆ ತನಗೆ ಎಷ್ಟು ಬಾಳುತ್ತದೆ ಎಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯುವುದು. ಒಬ್ಬರ ಚೀಟಿ ಇನ್ನೊಬ್ಬರು ನೋಡುವಂತಿಲ್ಲ.

ಶಿವಮೊಗ್ಗದಾಕೆ ದೊಡ್ಡ ಕೋಣೆಗೆ 17,500, ನಡುವಿನದಕ್ಕೆ 13,500, ಚಿಕ್ಕದಕ್ಕೆ 11,000 ಬರೆದಳು. ಮಂಡ್ಯದಾಕೆ ಬರೆದದ್ದು 16,000, 14,000, 12,000. ಹುಬ್ಬಳ್ಳಿಯಾಕೆಗೆ ಕೋಣೆಯ ಗಾತ್ರ ಅಷ್ಟು ಮುಖ್ಯವಲ್ಲ. ಅವಳು ದೊಡ್ಡದಕ್ಕೆ 15,000, ಉಳಿದ ಎರಡಕ್ಕೂ 13,500 ಬರೆದಳು. ಈಗ ಒಟ್ಟು ಮೊತ್ತ ಅತಿ ಹೆಚ್ಚಾಗುವ ಹಾಗೆ ಕೋಣೆ ಹಂಚಬೇಕು. ದೊಡ್ಡದು ಶಿವಮೊಗ್ಗದಾಕೆಗೆ, ನಡುವಿನದು ಮಂಡ್ಯದಾಕೆಗೆ, ಚಿಕ್ಕದು ಹುಬ್ಬಳ್ಳಿಯಾಕೆಗೆ. ಅವರು ಬರೆದ ಬೆಲೆ ಕೂಡಿದರೆ 45,000. ಕೊಡಬೇಕಾದದ್ದು 42,000. ಹೆಚ್ಚಿಗೆ ಬಂದ 3,000ವನ್ನು ಮೂವರಿಗೂ ಸಮನಾಗಿ ಇಳಿಸಿದರೆ ಬಾಡಿಗೆ 16,500, 13,000 ಮತ್ತು 12,500.

ಪ್ರತಿಯೊಬ್ಬರೂ ತಾವೇ ಬರೆದ ಬೆಲೆಗಿಂತ ಸಾವಿರ ರೂಪಾಯಿ ಕಡಿಮೆ ಕೊಡುತ್ತಾರೆ. ಪಕ್ಕದವಳ ಕೋಣೆಯನ್ನು ಪಕ್ಕದವಳ ಬಾಡಿಗೆಗೆ ಕೊಡುತ್ತೇವೆಂದರೂ ಇಲ್ಲಿ ಯಾರಿಗೂ ಅದು ಹೆಚ್ಚು ಲಾಭವಲ್ಲ. ಹಂಚಿಕೆ ಸರಿಯಾಗಿದೆಯೇ ಎಂದು ತಿಳಿಯಲು ಈ ಪರೀಕ್ಷೆಯೇ ಸಾಕು. ಯಾರಾದರೂ ಅದಲುಬದಲಿಗೆ ಆಸೆಪಟ್ಟರೆ ಚೀಟಿಗಳನ್ನು ಮುಂದಿಟ್ಟುಕೊಂಡು ಮತ್ತೆ ಮಾತಾಡಬೇಕು. ಒಪ್ಪಿಗೆಯಾದ ಮೇಲೆ ಕಾಗದದಲ್ಲಿ ಬರೆಯಬೇಕಾದ ಸಾಲು ಇಷ್ಟು: ‘ಬಾಡಿಗೆಯಲ್ಲಿ ನಮ್ಮ ಪಾಲು ಸಮಪಾಲಲ್ಲ. ಕೋಣೆವಾರು ಪಾಲು ಈ ಕೆಳಗಿನಂತಿದೆ.’ 43ನೇ ಕಲಂ ಕೇಳುವ ‘ಬೇರೆ ಉದ್ದೇಶ’ ಈ ಸಾಲಿನಲ್ಲಿದೆ.

ಊರಿಗೆ ಹೋದ ತಿಂಗಳು

ತಿಂಗಳ ಖರ್ಚಿನಲ್ಲಿ ಜಗಳ ಏಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆಗೆ: ‘ನಾನು ಹದಿನೈದು ದಿನ ಇರಲೇ ಇಲ್ಲ, ನಾನ್ಯಾಕೆ ಪೂರ್ತಿ ಕೊಡಲಿ?’ ಇದಕ್ಕೆ ಖರ್ಚನ್ನು ಎರಡು ಪಟ್ಟಿ ಮಾಡುವುದು ವಾಸಿ. ಮನೆಯಲ್ಲಿ ಯಾರಿರಲಿ ಬಿಡಲಿ ಕೊಡಲೇಬೇಕಾದದ್ದು ಮೊದಲ ಪಟ್ಟಿ: ಬಾಡಿಗೆ, ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್, ವೈಫೈ, ಮನೆಗೆಲಸದವರ ಮತ್ತು ಅಡುಗೆಯವರ ಸಂಬಳ. ಊರಿಗೆ ಹೋದರೂ ಇದರಲ್ಲಿ ಒಂದು ರೂಪಾಯಿ ಕಡಿತವಿಲ್ಲ. ಬಳಸಿದಷ್ಟು ಏರುವುದು ಎರಡನೆಯದು: ದಿನಸಿ, ತರಕಾರಿ, ಹಾಲು, ಗ್ಯಾಸ್ ಸಿಲಿಂಡರ್, ನೀರಿನ ಕ್ಯಾನ್. ಸತತವಾಗಿ ಏಳು ದಿನಕ್ಕಿಂತ ಹೆಚ್ಚು ಇಲ್ಲದವರಿಗೆ ಇದರಲ್ಲಿ ಇದ್ದ ದಿನಗಳ ಲೆಕ್ಕ. ಏಳು ದಿನದ ಗೆರೆ ಏಕೆಂದರೆ, ಪ್ರತಿ ಶನಿವಾರ ಭಾನುವಾರದ ಲೆಕ್ಕ ಬರೆಯಲು ಕೂತರೆ ಉಳಿಯುವ ಹಣಕ್ಕಿಂತ ಕಿರಿಕಿರಿಯೇ ಹೆಚ್ಚು.

ಅತಿಥಿಗಳ ನಿಯಮವೂ ಎರಡನೇ ಪಟ್ಟಿಯ ಜೊತೆಗೇ ಬರಬೇಕು. ‘ಅತಿಥಿಗಳು ಮಿತಿಯಲ್ಲಿರಲಿ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ‘ಒಬ್ಬೊಬ್ಬರ ಅತಿಥಿಗಳು ತಿಂಗಳಿಗೆ ನಾಲ್ಕು ರಾತ್ರಿ ಉಳಿಯಬಹುದು. ಐದನೇ ರಾತ್ರಿಯಿಂದ ಅತಿಥಿಯನ್ನೂ ಒಂದು ತಲೆಯಾಗಿ ಲೆಕ್ಕ ಹಿಡಿಯುವುದು’ ಎಂದು ಬರೆದರೆ ತಂಗಿ ಪರೀಕ್ಷೆಗೆಂದು ಬಂದು ಹತ್ತು ದಿನ ಉಳಿದರೂ ಯಾರೂ ಮುಖ ಸಿಂಡರಿಸಬೇಕಿಲ್ಲ.

ಕರೆಂಟ್ ಬಿಲ್ ಮಾತ್ರ ಎರಡೂ ಪಟ್ಟಿಗೆ ಸರಿಯಾಗಿ ಕೂರುವುದಿಲ್ಲ. ಅದಕ್ಕೆ ಕಾರಣ ಗೃಹಜ್ಯೋತಿ. ಬಾಡಿಗೆದಾರರಿಗೂ ಸಿಗುವ ಈ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ, ದಾಟಿದ ಯೂನಿಟ್‌ಗಳಿಗಷ್ಟೇ ಅಲ್ಲ, ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ನಮ್ಮ ಫ್ಲ್ಯಾಟಿನ ಬಳಕೆ 150 ಯೂನಿಟ್ ಎಂದಿಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಶಿವಮೊಗ್ಗದಾಕೆ ತನ್ನ ಕೋಣೆಗೆ ಎಸಿ ತಂದಳು. ಗಂಟೆಗೆ ಸುಮಾರು ಒಂದೂವರೆ ಯೂನಿಟ್, ರಾತ್ರಿ ನಾಲ್ಕು ಗಂಟೆ, ತಿಂಗಳಿಗೆ 180 ಯೂನಿಟ್. ಒಟ್ಟು 330 ಆಯಿತು. ಬಿಲ್ ಎರಡು ಸಾವಿರ ರೂಪಾಯಿ ದಾಟಿತು.

‘330ರಲ್ಲಿ ನನ್ನ ಎಸಿಯದು 180. ಅಷ್ಟು ಪಾಲು ನಾನು ಕೊಡುತ್ತೇನೆ, ಮಿಕ್ಕದ್ದು ಹಂಚೋಣ’ ಎನ್ನುತ್ತಾಳೆ ಅವಳು. ಕೇಳಲು ನ್ಯಾಯವೇ. ‘ಎಸಿ ಇಲ್ಲದಿದ್ದರೆ ಇಷ್ಟು ಬಿಲ್ಲೇ ಬರುತ್ತಿರಲಿಲ್ಲವಲ್ಲ’ ಎನ್ನುತ್ತಾರೆ ಉಳಿದಿಬ್ಬರು. ಅದೂ ನಿಜ. ಬಿಲ್ ಬಂದ ಮೇಲೆ ಈ ವಾದ ಮುಗಿಯುವುದಿಲ್ಲ, ಎಸಿ ತರುವ ಮೊದಲೇ ಮುಗಿಸಬೇಕು. ಯೂನಿಟ್ ಲೆಕ್ಕಕ್ಕಿಂತ ಕಾರಣದ ಲೆಕ್ಕ ಇಲ್ಲಿ ಸರಿಯೆನಿಸುತ್ತದೆ: ‘ಎಸಿಯಂಥ ಒಬ್ಬರ ಉಪಕರಣದಿಂದ ಮನೆಯ ಬಳಕೆ 200 ಯೂನಿಟ್ ದಾಟಿದರೆ, ಹಿಂದಿನ ಮೂರು ತಿಂಗಳ ಸರಾಸರಿ ಬಿಲ್ಲಿಗಿಂತ ಹೆಚ್ಚಾದ ಮೊತ್ತವನ್ನು ಅವರೇ ಕೊಡತಕ್ಕದ್ದು.’ ಪ್ಲಗ್ಗಿಗೆ ಸಿಕ್ಕಿಸುವ ಚಿಕ್ಕ ಮೀಟರ್ ಒಂದಿದ್ದರೆ ಯೂನಿಟ್ ದಾಟಿದ್ದು ಯಾರಿಂದ ಎಂಬ ಅನುಮಾನವೂ ಉಳಿಯುವುದಿಲ್ಲ. ಎಸಿಯ ಆಂಪಿಯರ್ ತಡೆಯುವಂಥದ್ದನ್ನೇ ಕೊಳ್ಳಬೇಕು.

ಹೊರಡುವವರ ಲೆಕ್ಕ

ಕಾಗದದಲ್ಲಿ ಹೆಚ್ಚು ಜಾಗ ಕೊಡಬೇಕಾದದ್ದು ಬಿಟ್ಟು ಹೋಗುವ ದಿನಕ್ಕೆ. ದೊಡ್ಡ ಹಣ ಅಡ್ವಾನ್ಸಿನಲ್ಲಿದೆ. ಮೂವರಲ್ಲಿ ಒಬ್ಬರು ಹೊರಟರೆ ಓನರ್ ಅವರ ಪಾಲಿನ ಅಡ್ವಾನ್ಸ್ ಬೇರೆ ಮಾಡಿ ಕೊಡುವುದು ಅಪರೂಪ. ಹೊಸದಾಗಿ ಬರುವವರು ಹೊರಡುವವರಿಗೆ ಕೊಡುವುದೇ ರೂಢಿ.

ನಮ್ಮ ಫ್ಲ್ಯಾಟಿನಲ್ಲಿ ಅಡ್ವಾನ್ಸನ್ನು ಮೂವರೂ ಸಮನಾಗಿ 70,000ದಂತೆ ಹಾಕಿದ್ದಾರೆ. ಎಂಟನೇ ತಿಂಗಳಲ್ಲಿ ಹುಬ್ಬಳ್ಳಿಯಾಕೆ ಹೊರಟಳು. ಹೊಸಬಳಿಂದ ಅವಳು 70,000 ಇಡಿಯಾಗಿ ಪಡೆದರೆ ಸರಿಯೇ? ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ವಾಡಿಕೆ. ಇವರ ಕರಾರಿನಲ್ಲೂ ಅದಿದೆ. ಮುಂದೆಂದೋ 42,000 ಕಡಿತವಾಗುತ್ತದೆ, ತಲೆಗೆ 14,000. ಎಂಟು ತಿಂಗಳು ಇದ್ದು ಹೋದವಳು ಏನೂ ಕೊಡದೆ ಹೋದರೆ ಆ ಪೂರ್ತಿ ಪಾಲು ಹೊಸಬಳ ತಲೆಗೆ ಬರುತ್ತದೆ. ಹೊಸಬಳು ಎಷ್ಟು ದಿನ ಇರುತ್ತಾಳೆಂದು ಇವತ್ತು ಯಾರಿಗೂ ಗೊತ್ತಿಲ್ಲದ ಕಾರಣ ತಿಂಗಳ ಲೆಕ್ಕ ಹಾಕಲಾಗುವುದಿಲ್ಲ. ಅರ್ಧರ್ಧ ಎಂದು ಬರೆದಿಟ್ಟುಕೊಳ್ಳುವುದು ಸುಲಭ. ಆಗ ಹೊಸಬಳು 63,000 ಕೊಟ್ಟು 70,000ದ ಪಾಲುದಾರಳಾಗುತ್ತಾಳೆ. ಅದೇ ದಿನ ಆ ಕೋಣೆಯ ಗೋಡೆ, ಬಾಗಿಲು, ಬೀರುಗಳ ಫೋಟೊ ತೆಗೆದು ಮೂವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಕು. ಮುಂದೆ ಓನರ್ ಮೊಳೆ ಹೊಡೆದ ತೂತು ತೋರಿಸಿದಾಗ ಅದು ಯಾರದೆಂದು ದಿನಾಂಕ ಹೇಳುತ್ತದೆ.

ನೋಟಿಸ್ ಅವಧಿಯಲ್ಲಿ ಎಡವುವವರು ಬಹಳ. ಓನರಿಗೆ ಎರಡು ತಿಂಗಳ ನೋಟಿಸ್ ಕೊಡಬೇಕೆಂದು ಕರಾರಿನಲ್ಲಿದ್ದು, ತಮ್ಮೊಳಗೆ ಒಂದೇ ತಿಂಗಳು ಎಂದು ಬರೆದುಕೊಂಡರೆ, ಒಬ್ಬರು ಹೊರಟಾಗ ಉಳಿದವರು ಮನೆ ಬಿಡಬೇಕೆಂದರೂ ಒಂದು ತಿಂಗಳು ಅವರ ಬಾಡಿಗೆಯನ್ನು ಹೊತ್ತೇ ಬಿಡಬೇಕಾಗುತ್ತದೆ. ತಮ್ಮೊಳಗಿನ ನೋಟಿಸ್ ಓನರ್ ನೋಟಿಸಿಗಿಂತ ಒಂದು ವಾರವಾದರೂ ಹೆಚ್ಚಿರಲಿ.

ಬದಲಿ ಜನ ಹುಡುಕುವುದು ಹೊರಡುವವರ ಕೆಲಸ, ಒಪ್ಪುವುದು ಉಳಿದವರ ಹಕ್ಕು. ಆದರೆ ಆ ಹಕ್ಕಿಗೂ ಕೊನೆಯಿರಬೇಕು. ಇಲ್ಲದಿದ್ದರೆ ಬಂದವರನ್ನೆಲ್ಲ ಬೇಡವೆನ್ನುತ್ತಾ ಹೋಗಬಹುದು, ಹೊರಟವರು ಬಾಡಿಗೆ ಕಟ್ಟುತ್ತಲೇ ಇರಬೇಕು. ‘ಓನರ್ ಒಪ್ಪುವಂಥ, ಬಾಡಿಗೆ ಕೊಡಬಲ್ಲ ಇಬ್ಬರನ್ನು ಉಳಿದವರು ನಿರಾಕರಿಸಿದರೆ, ಆ ದಿನದಿಂದ ಖಾಲಿ ಕೋಣೆಯ ಬಾಡಿಗೆ ನಿರಾಕರಿಸಿದವರದು’ ಎಂದು ಸೇರಿಸಿದರೆ ಎರಡೂ ಕಡೆಯವರು ಹದದಲ್ಲಿರುತ್ತಾರೆ. ಹೊಸಬರ ಹೆಸರನ್ನು ಓನರ್ ಜೊತೆಗಿನ ಕರಾರಿನಲ್ಲಿ ಸೇರಿಸಿ, ಹೋದವರ ಹೆಸರು ತೆಗೆಸುವುದನ್ನು ಮರೆಯಬಾರದು. ಹೆಸರು ಉಳಿದಿದ್ದರೆ ಹುಬ್ಬಳ್ಳಿಯಾಕೆ ಊರಲ್ಲಿದ್ದರೂ ಓನರ್ ಎದುರು ಇನ್ನೂ ಹೊಣೆಗಾರಳೇ.

ಕಾಗದದ ರೂಪ

ಇಷ್ಟನ್ನೂ ಎರಡು ಪುಟದಲ್ಲಿ ಬರೆಯಬಹುದು. ಮೊದಲಿಗೆ ಓನರ್ ಕರಾರಿನ ದಿನಾಂಕ ಮತ್ತು ವಿಳಾಸ, ಆಮೇಲೆ ಕೋಣೆವಾರು ಬಾಡಿಗೆ, ಯಾರು ಎಷ್ಟು ಅಡ್ವಾನ್ಸ್ ಕೊಟ್ಟರು, ಎರಡು ಪಟ್ಟಿ, ಹೊರಡುವ ನಿಯಮ, ಕೊನೆಗೆ ಸಹಿಗಳು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿದ್ದೂ ಒಪ್ಪಂದವೇ. ಆದರೆ ಅಡ್ವಾನ್ಸ್ ಲಕ್ಷಗಳಲ್ಲಿದ್ದರೆ ಇ-ಸ್ಟ್ಯಾಂಪ್ ಕಾಗದ ಬಳಸುವುದು ಕ್ಷೇಮ. ಮುದ್ರಾಂಕ ಶುಲ್ಕ ಕಟ್ಟಿಲ್ಲದ ಕರಾರನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಮುಂದಿಡಲು ತೊಡಕಾಗುತ್ತದೆ. ಪ್ರತಿಯೊಬ್ಬರೂ ತಮ್ಮ ಪಾಲನ್ನು ತಮ್ಮ ಖಾತೆಯಿಂದಲೇ ಓನರಿಗೆ ಕಳಿಸಿದರೆ ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿ ಕೇಳುವವರಿಗೆ ದಾಖಲೆಯೂ ಆಗುತ್ತದೆ.

ಬಾಡಿಗೆ ಕರಾರು ಬಹುತೇಕ 11 ತಿಂಗಳದು, ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕಾದ್ದರಿಂದ ಬಂದ ಪದ್ಧತಿ ಅದು. ಓನರ್ ಕರಾರು ನವೀಕರಿಸುವ ದಿನವೇ ಈ ಕಾಗದವನ್ನೂ ತೆರೆಯಿರಿ. ಬಾಡಿಗೆ ಏರಿದ್ದರೆ ಏರಿದ ಮೊತ್ತವನ್ನು ಹಳೆಯ ಪಾಲಿನ ಅನುಪಾತದಲ್ಲಿ ಹಂಚಬೇಕೋ, ಹೊಸದಾಗಿ ಚೀಟಿ ಬರೆಯಬೇಕೋ ಎಂಬುದನ್ನು ಸಹಿಗೆ ಮೊದಲು ತೀರ್ಮಾನಿಸಿ.