ಒಂದು ಲೋಟ ಸೀಮೆಎಣ್ಣೆ

‘ಬೆಳಿಗ್ಗೆ ಎದ್ದ ಕೂಡಲೇ ನನಗೆ ಒಂದು ಲೋಟ...’ ಎಂದು ಬರೆದು ನಿಲ್ಲಿಸಿದರೆ ಮುಂದಿನ ಪದ ಏನಿರಬಹುದು? ಕಾಫಿ ಎನ್ನುವವರೇ ಹೆಚ್ಚು. ನೀರು, ಹಾಲು ಎನ್ನುವವರೂ ಇದ್ದಾರೆ. ಚಾಟ್‌ಜಿಪಿಟಿಯಂಥ ಸೇವೆಗಳ ಒಳಗಿರುವ ಭಾಷಾ ಮಾದರಿಯ ಕೆಲಸವೂ ಇದೇ. ಅಲ್ಲಿಯವರೆಗಿನ ಮಾತನ್ನು ನೋಡಿ, ತನಗೆ ಗೊತ್ತಿರುವ ಪ್ರತಿಯೊಂದು ತುಣುಕಿಗೂ ಅದು ಒಂದೊಂದು ಅಂಕ ಕೊಡುತ್ತದೆ. ಆಮೇಲೆ ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತದೆ. ಹೇಗೆ ಆರಿಸಬೇಕು ಎಂಬುದನ್ನು ತಿದ್ದುವ ಗುಂಡಿಯೇ ಟೆಂಪರೇಚರ್.

ಲೆಕ್ಕ ಸುಲಭವಾಗಲೆಂದು ನಾಲ್ಕೇ ಪದಗಳಿವೆ ಎಂದುಕೊಳ್ಳೋಣ. ಕಾಫಿಗೆ 4 ಅಂಕ, ನೀರಿಗೆ 3, ಹಾಲಿಗೆ 2, ಸೀಮೆಎಣ್ಣೆಗೆ 0. ಈ ಅಂಕಗಳನ್ನು ಸಂಭವನೀಯತೆಯಾಗಿ ಬದಲಿಸುವ ಸೂತ್ರಕ್ಕೆ ಸಾಫ್ಟ್‌ಮ್ಯಾಕ್ಸ್ ಎಂದು ಹೆಸರು. ಅದರ ಪ್ರಕಾರ ಒಂದು ಅಂಕ ಹೆಚ್ಚಿರುವ ಪದ ಬರುವ ಸಾಧ್ಯತೆ ಸುಮಾರು 2.7 ಪಟ್ಟು ಹೆಚ್ಚು. ಹೀಗೆ ಲೆಕ್ಕ ಹಾಕಿದರೆ ಕಾಫಿಗೆ ಶೇ 66, ನೀರಿಗೆ ಶೇ 24, ಹಾಲಿಗೆ ಶೇ 9, ಸೀಮೆಎಣ್ಣೆಗೆ ಶೇ 1ರಷ್ಟು ಸಿಗುತ್ತದೆ. ಡಬ್ಬದಲ್ಲಿ ಇದೇ ಪ್ರಮಾಣದಲ್ಲಿ ಚೀಟಿಗಳನ್ನು ಹಾಕಿ, ಕಣ್ಣುಮುಚ್ಚಿ ಒಂದನ್ನು ಎತ್ತಿದ ಹಾಗೆ ಮಾದರಿ ಪದವನ್ನು ಆರಿಸುತ್ತದೆ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದಾಗ ಬೇರೆ ಬೇರೆ ಉತ್ತರ ಬರುವುದಕ್ಕೆ ಮುಖ್ಯ ಕಾರಣ ಇದು.

ಈಗ ಟೆಂಪರೇಚರ್. ಚೀಟಿ ಹಾಕುವ ಮೊದಲು ಎಲ್ಲ ಅಂಕಗಳನ್ನೂ ಈ ಒಂದು ಸಂಖ್ಯೆಯಿಂದ ಭಾಗಿಸುತ್ತಾರೆ, ಅಷ್ಟೇ. 1ರಿಂದ ಭಾಗಿಸಿದರೆ ಏನೂ ಬದಲಾಗದು. 0.5ರಿಂದ ಭಾಗಿಸಿದರೆ ಅಂಕಗಳು 8, 6, 4, 0 ಆಗಿ ಅಂತರ ಇಮ್ಮಡಿಯಾಗುತ್ತದೆ. ಆಗ ಕಾಫಿಯ ಪಾಲು ಶೇ 87ಕ್ಕೆ ಏರುತ್ತದೆ. ಸೀಮೆಎಣ್ಣೆಗೆ ಉಳಿಯುವುದು ಹತ್ತು ಸಾವಿರಕ್ಕೆ ಮೂರು ಚೀಟಿ. 2ರಿಂದ ಭಾಗಿಸಿದರೆ ಅಂತರ ಅರ್ಧಕ್ಕಿಳಿದು ಕಾಫಿ ಶೇ 47ಕ್ಕೆ ಕುಸಿಯುತ್ತದೆ, ಸೀಮೆಎಣ್ಣೆ ಶೇ 6ನ್ನೂ ದಾಟುತ್ತದೆ. ಅಂದರೆ ಹೆಚ್ಚುಕಡಿಮೆ ಹದಿನಾರು ಸಲಕ್ಕೊಮ್ಮೆ ಬೆಳಿಗ್ಗೆ ಎದ್ದು ಸೀಮೆಎಣ್ಣೆ ಕುಡಿಯಬೇಕು!

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಗುಂಡಿಯನ್ನು ಎಷ್ಟೇ ತಿರುಗಿಸಿದರೂ ಸ್ಥಾನಗಳು ಬದಲಾಗುವುದಿಲ್ಲ. ಕಾಫಿಯೇ ಮೊದಲು, ಸೀಮೆಎಣ್ಣೆಯೇ ಕೊನೆ. ಬದಲಾಗುವುದು ಅವುಗಳ ನಡುವಿನ ಅಂತರ ಮಾತ್ರ. ಟೆಂಪರೇಚರ್ ಏರಿಸಿದರೆ ಮಾದರಿಗೆ ಹೊಸ ಕಲ್ಪನೆ ಹುಟ್ಟುತ್ತದೆ ಎನ್ನುವವರಿದ್ದಾರೆ. ಹುಟ್ಟುವುದು ಏನೂ ಇಲ್ಲ, ಹಿಂದಿನ ಬೆಂಚಿನಲ್ಲಿದ್ದ ಪದಗಳಿಗೆ ಅವಕಾಶ ಸಿಗುತ್ತದೆ. ಇಳಿಸಿದರೆ ಉತ್ತರ ಹೆಚ್ಚು ಸತ್ಯವಾಗುತ್ತದೆ ಎಂಬುದೂ ತಪ್ಪು ತಿಳಿವಳಿಕೆಯೇ. ಮಾದರಿ ತಪ್ಪು ಇಸವಿಗೇ ಅತಿ ಹೆಚ್ಚು ಅಂಕ ಕೊಟ್ಟಿದ್ದರೆ, ಕಡಿಮೆ ಟೆಂಪರೇಚರಿನಲ್ಲಿ ಅದೇ ತಪ್ಪನ್ನು ಪ್ರತಿ ಸಲವೂ ಚಾಚೂ ತಪ್ಪದೆ ಒಪ್ಪಿಸುತ್ತದೆ.

ಸೊನ್ನೆ ಇಟ್ಟರೆ? ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಹಾಗಾಗಿ ಅದನ್ನು ‘ಚೀಟಿಯೇ ಬೇಡ, ಅತಿ ಹೆಚ್ಚು ಅಂಕದ್ದನ್ನೇ ತೆಗೆದುಕೋ’ ಎಂದು ಅರ್ಥಮಾಡಿಕೊಳ್ಳುವಂತೆ ತಂತ್ರಾಂಶ ಬರೆದಿರುತ್ತಾರೆ. ಆಗಲೂ ಅಪರೂಪಕ್ಕೆ ಉತ್ತರ ಬದಲಾಗುವುದುಂಟು. ದೊಡ್ಡ ಸರ್ವರುಗಳಲ್ಲಿ ದಶಮಾಂಶ ಸಂಖ್ಯೆಗಳನ್ನು ಕೂಡಿಸುವ ಕ್ರಮ ಬದಲಾದಾಗ ಅಂಕಗಳಲ್ಲಿ ಕೂದಲೆಳೆಯ ವ್ಯತ್ಯಾಸವಾಗಿ, ಸಮಸಮ ಇದ್ದ ಎರಡು ಪದಗಳು ಅದಲುಬದಲಾಗುತ್ತವೆ. ಸೊನ್ನೆಯ ಹತ್ತಿರದ ಇನ್ನೊಂದು ಕಾಯಿಲೆ ಪುನರಾವರ್ತನೆ. ಉದ್ದನೆಯ ಬರಹದಲ್ಲಿ ಒಂದೇ ವಾಕ್ಯ ಗಾಣದೆತ್ತಿನಂತೆ ಸುತ್ತುತ್ತಿದ್ದರೆ ಟೆಂಪರೇಚರ್ ತೀರಾ ಕೆಳಗಿದೆಯೇ ಎಂದು ನೋಡಬೇಕು.

ಮೇಲಕ್ಕೆ ಹೋದರೆ ಕಷ್ಟ ಬೇರೆ. ನಿಜವಾದ ಮಾದರಿಯಲ್ಲಿ ನಾಲ್ಕು ಪದಗಳಲ್ಲ, ಹತ್ತಾರು ಸಾವಿರ ತುಣುಕುಗಳಿರುತ್ತವೆ. ಒಂದೊಂದರ ಪಾಲು ನಗಣ್ಯವೆನಿಸಿದರೂ ಅಸಂಬದ್ಧವಾದವೆಲ್ಲ ಸೇರಿದರೆ ಡಬ್ಬದಲ್ಲಿ ದೊಡ್ಡ ರಾಶಿಯೇ ಆಗುತ್ತದೆ. ಒಮ್ಮೆ ಸೀಮೆಎಣ್ಣೆ ಬಂದಿತೆಂದರೆ ಮುಂದಿನ ಪದವನ್ನು ಅದಕ್ಕೂ ಹೊಂದಿಸಬೇಕು. ಮಾತು ಅಡ್ಡದಾರಿ ಹಿಡಿಯುವುದು ಹೀಗೆ.

ಕನ್ನಡಕ್ಕೆ ಈ ಪೆಟ್ಟು ಇನ್ನೂ ಜೋರು. ಅನೇಕ ಮಾದರಿಗಳು ಇಂಗ್ಲಿಷಿನ ಸಾಮಾನ್ಯ ಪದವನ್ನು ಒಂದೇ ತುಣುಕಾಗಿ ಇಟ್ಟುಕೊಂಡಿರುತ್ತವೆ, ಕನ್ನಡದ ‘ಹೋಗುತ್ತಿದ್ದೇನೆ’ಯಂಥ ಪದವನ್ನು ಹಲವು ಚೂರುಗಳಾಗಿ ಒಡೆಯುತ್ತವೆ. ಪ್ರತಿ ಚೂರಿಗೂ ಒಂದು ಚೀಟಿ ಎತ್ತಬೇಕು. ನಡುವಿನ ಒಂದು ಚೀಟಿ ತಪ್ಪಿದರೂ ಒತ್ತಕ್ಷರ ಹಾರಿಹೋಗುತ್ತದೆ, ಇಲ್ಲದ ಪದ ಹುಟ್ಟುತ್ತದೆ. ಅರ್ಥ ಕೆಡುವ ಮೊದಲೇ ಕಾಗುಣಿತ ಕೆಡಲು ಶುರುವಾದರೆ ಗುಂಡಿ ಮಿತಿ ಮೀರಿದೆ ಎಂದು ತಿಳಿಯಿರಿ.

ಸಾಮಾನ್ಯ ಚಾಟ್ ಆ್ಯಪುಗಳಲ್ಲಿ ಈ ಗುಂಡಿ ಕಣ್ಣಿಗೆ ಬೀಳುವುದು ಕಡಿಮೆ. ಪ್ರೋಗ್ರಾಮು ಬರೆಯುವವರು `"temperature": 0.7` ಎಂದು ಕೊಡುತ್ತಾರೆ. ಕೆಲವು ಸೇವೆಗಳಲ್ಲಿ ಗರಿಷ್ಠ 1, ಕೆಲವದರಲ್ಲಿ 2. ಜೊತೆಗೆ `top_p` ಎಂಬ ಇನ್ನೊಂದು ಗುಂಡಿಯೂ ಇರುತ್ತದೆ, ಅದು ಕೊನೆಯ ಸಾಲಿನ ಚೀಟಿಗಳನ್ನು ಮೊದಲೇ ಆಚೆ ಹಾಕುತ್ತದೆ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಅರ್ಜಿಯಿಂದ ಹೆಸರು, ದಿನಾಂಕ ಹೆಕ್ಕಿಸುವಾಗ ಸೊನ್ನೆಯ ಆಸುಪಾಸಿನಲ್ಲಿರಲಿ. ಅಂಗಡಿಗೆ ಇಪ್ಪತ್ತು ಹೆಸರು ಸೂಚಿಸು ಎಂದು ಕೇಳುವಾಗ 1 ಇಡಿ. ಕನ್ನಡದಲ್ಲಿ ಬರೆಸುವಾಗ ಅದಕ್ಕಿಂತ ಮೇಲೆ ಹೋಗದಿರುವುದೇ ವಾಸಿ.